ಒಂದೇ ಜೋಡಿ, ಎರಡು ಬಣ್ಣ: ಉಡುಪಿಯ ಒಂದು ವಜ್ರದ ಓಲೆಯ ಪ್ರಕರಣ

ಉಡುಪಿಯ ಒಂದು ಮನೆಯವರು ಮಗಳ ಮದುವೆಗೆಂದು ಮಂಗಳೂರಿನ ಅಂಗಡಿಯೊಂದರಲ್ಲಿ ಒಂಟಿ ಹರಳಿನ ವಜ್ರದ ಓಲೆ ತೆಗೆದುಕೊಂಡಿದ್ದರು. ಹರಳು ತಲಾ 50 ಸೆಂಟ್, ಅಂದರೆ ಅರ್ಧ ಕ್ಯಾರೆಟ್. ಎರಡಕ್ಕೂ ವಜ್ರಕ್ಕೆ ದರ್ಜೆ ಕೊಡುವ ಜಿಐಎ ಸಂಸ್ಥೆಯ ಸರ್ಟಿಫಿಕೇಟ್ ಇತ್ತು. ಎರಡರಲ್ಲೂ ಬಣ್ಣ ಎಚ್, ಸ್ವಚ್ಛತೆ ವಿಎಸ್2, ಕಟ್ ಎಕ್ಸಲೆಂಟ್. ಹರಳಿನ ಬೆಲೆ ತಲಾ 88,000 ರೂಪಾಯಿ. ಚಿನ್ನ, ಮಜೂರಿ, ತೆರಿಗೆ ಬೇರೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಿಕ್ಕಿಲ್ಲ ಎಂದೇ ಮನೆಯವರಿಗೂ ಅನ್ನಿಸಿತ್ತು.

ಆರತಕ್ಷತೆಯ ಫೋಟೊ ಬಂದಾಗ ತಕರಾರು ಶುರುವಾಯಿತು. ವೇದಿಕೆಗೆ ನೇರಳೆ ಬಣ್ಣದ ದೀಪ ಬಿಟ್ಟಿದ್ದರು. ಆ ಬೆಳಕಿನಲ್ಲಿ ಮದುಮಗಳ ಬಲಗಿವಿಯ ಹರಳು ಸಣ್ಣ ನೀಲಿ ಬಲ್ಬಿನ ಹಾಗೆ ಉರಿಯುತ್ತಿತ್ತು. ಎಡಗಿವಿಯದ್ದು ಸುಮ್ಮನೆ ಇತ್ತು. ನೋಡಿದ ನೆಂಟರಲ್ಲಿ ಒಬ್ಬರು ‘ಒಂದು ಡೂಪ್ಲಿಕೇಟ್’ ಅಂದರು, ಇನ್ನೊಬ್ಬರು ‘ಲ್ಯಾಬ್ ಡೈಮಂಡ್ ಸೇರಿಸಿ ಕೊಟ್ಟಿದ್ದಾರೆ’ ಅಂದರು. ಅದಾದ ಮೇಲೆ ತಾಯಿ ಮನೆಯ ಜಗಲಿಯಲ್ಲಿ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದರೆ, ಹಗಲು ಬೆಳಕಿನಲ್ಲೂ ಬಣ್ಣ ಒಂದೇ ಅಲ್ಲ. ಬಲಗಿವಿಯದ್ದು ಹೆಚ್ಚು ಬಿಳಿ, ಎಡಗಿವಿಯದ್ದಕ್ಕೆ ಒಂಚೂರು ಹಳದಿ ಛಾಯೆ. ರಥಬೀದಿಯ ಪರಿಚಯದ ಅಕ್ಕಸಾಲಿ ಆಚಾರ್ರ ಹತ್ತಿರ ಓಲೆ, ಸರ್ಟಿಫಿಕೇಟು, ಬಿಲ್ಲು ಮೂರನ್ನೂ ಹಿಡಿದುಕೊಂಡು ಹೋದರು.

“ಆಚಾರ್ರೇ, ಇದು ಎರಡೂ ಒಂದೇ ನಮೂನೆಯ ಕಲ್ಲಾ, ಒಮ್ಮೆ ನೋಡಿ ಹೇಳಿ.”

“ಕಲ್ಲು ಆಮೇಲೆ ನೋಡುವ ಅಮ್ಮ, ಮೊದಲು ಕಾಗದ ಕೊಡಿ.”

ಆಚಾರ್ರು ಕಾಗದದಲ್ಲಿ ಹುಡುಕಿದ್ದು ಮನೆಯವರಾಗಲಿ, ಅಂಗಡಿಯವರಾಗಲಿ ಓದದೆ ಬಿಟ್ಟಿದ್ದ ಒಂದು ಸಾಲನ್ನು. ತೂಕ, ಬಣ್ಣ, ಸ್ವಚ್ಛತೆ, ಕಟ್ ಇವು ನಾಲ್ಕೂ ಸರ್ಟಿಫಿಕೇಟಿನಲ್ಲಿ ಎದ್ದು ಕಾಣುವ ಹಾಗೆ ಒಂದು ಕಡೆ ಇರುತ್ತವೆ. ಅದರ ಕೆಳಗೆ ‘ಹೆಚ್ಚುವರಿ ವಿವರ’ ಎಂಬ ಭಾಗದಲ್ಲಿ ಪಾಲಿಶ್, ಸಿಮೆಟ್ರಿ ಆದ ಮೇಲೆ ಫ್ಲೋರೆಸೆನ್ಸ್ ಎಂಬ ಸಾಲು. ಎಡಗಿವಿಯ ಹರಳಿನ ಕಾಗದದಲ್ಲಿ ಅಲ್ಲಿ ‘ನನ್’, ಅಂದರೆ ಇಲ್ಲ, ಎಂದಿತ್ತು. ಬಲಗಿವಿಯದ್ದರಲ್ಲಿ ‘ಸ್ಟ್ರಾಂಗ್ ಬ್ಲೂ’.

ಆ ಸಾಲು ಹೇಳುವುದು ಏನು

ಕೆಲವು ವಜ್ರಗಳ ಮೇಲೆ ಅತಿನೇರಳೆ ಕಿರಣ ಬಿದ್ದರೆ ಅವು ಅದನ್ನು ಹೀರಿಕೊಂಡು ಕಣ್ಣಿಗೆ ಕಾಣುವ ಬೆಳಕಾಗಿ ಹೊರಗೆ ಬಿಡುತ್ತವೆ. ಕಿರಣ ನಿಂತ ಕೂಡಲೇ ಹೊಳಪೂ ನಿಲ್ಲುತ್ತದೆ. ಜಿಐಎಗೆ ಬರುವ ವಜ್ರಗಳಲ್ಲಿ ಸುಮಾರು ನೂರಕ್ಕೆ 25ರಿಂದ 35ರಲ್ಲಿ ಈ ಗುಣ ಹೆಚ್ಚೋ ಕಡಿಮೆಯೋ ಇರುತ್ತದೆ, ಮತ್ತು ಹಾಗೆ ಹೊಳೆಯುವವುಗಳಲ್ಲಿ 95ಕ್ಕಿಂತ ಹೆಚ್ಚು ಪಾಲು ನೀಲಿಯಾಗಿಯೇ ಹೊಳೆಯುತ್ತವೆ. ನೀಲಿಗೆ ಕಾರಣ ಹರಳಿನೊಳಗಿನ ಸಾರಜನಕ. ಇಂಗಾಲದ ಒಂದು ಪರಮಾಣು ಇರಬೇಕಾದ ಜಾಗ ಖಾಲಿ ಉಳಿದು, ಅದರ ಸುತ್ತ ಮೂರು ಸಾರಜನಕದ ಪರಮಾಣುಗಳು ಕೂತಿರುತ್ತವೆ. ಇದನ್ನು ಎನ್3 ಎನ್ನುತ್ತಾರೆ. ಭೂಮಿಯೊಳಗೆ ಹರಳು ಹುಟ್ಟಿ ಬೆಳೆದ ಕಾಲದ್ದೇ ಗುಣ ಇದು. ಬಳಸಿದಂತೆ ಹೆಚ್ಚುವುದೂ ಇಲ್ಲ, ತೊಳೆದರೆ ಹೋಗುವುದೂ ಇಲ್ಲ.

ಸರ್ಟಿಫಿಕೇಟಿನಲ್ಲಿ ಇದಕ್ಕೆ ಐದು ಮೆಟ್ಟಿಲು: ನನ್, ಫೇಂಟ್, ಮೀಡಿಯಂ, ಸ್ಟ್ರಾಂಗ್, ವೆರಿ ಸ್ಟ್ರಾಂಗ್. ಪ್ರಯೋಗಾಲಯದಲ್ಲಿ ಹರಳನ್ನು ಅತಿನೇರಳೆ ದೀಪದ ಕೆಳಗೆ, ಮೊದಲೇ ಗೊತ್ತುಮಾಡಿಟ್ಟ ಮಾದರಿ ಹರಳುಗಳ ಪಕ್ಕ ಇಟ್ಟು ಹೋಲಿಸಿ ಇದನ್ನು ಬರೆಯುತ್ತಾರೆ. ಮೀಡಿಯಂ ಮತ್ತು ಅದಕ್ಕಿಂತ ಮೇಲಿದ್ದರೆ ಮಾತ್ರ ಬಣ್ಣದ ಹೆಸರೂ ಜೊತೆಗೆ ಬರುತ್ತದೆ. ಫೇಂಟ್ ಆದರೆ ಬರೇ ‘ಫೇಂಟ್’. ಸ್ಟ್ರಾಂಗ್ ಎಂದರೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಇದು ಅಂಕ ಕೊಡುವ ಸಾಲಲ್ಲ, ಮೈಮೇಲಿನ ಮಚ್ಚೆ ಬರೆದಿಟ್ಟ ಹಾಗೆ ಗುರುತಿನ ಸಾಲು. ಹೀಗಾಗಿ ಎರಡು ಹರಳಿನ ನಾಲ್ಕೂ ಮುಖ್ಯ ಅಂಕಗಳು ಹೊಂದಿಕೊಂಡು, ಇದು ಒಂದೇ ಬೇರೆಯಾಗಲು ಸಾಧ್ಯ. ಇಲ್ಲಿ ಆದದ್ದೂ ಅದೇ.

ಮೊದಲ ಸಂಶಯ: ಕಲ್ಲು ಬದಲಾಗಿದೆಯೇ?

ಇದಕ್ಕೆ ಉತ್ತರ ಹತ್ತು ನಿಮಿಷದಲ್ಲಿ ಸಿಕ್ಕಿತು. ಓಲೆಗಳನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಎರಡು ಹನಿ ಹಾಕಿ, ಮೆತ್ತನೆ ಬ್ರಷ್ಷಿನಿಂದ ಹರಳಿನ ಹಿಂಬದಿಯವರೆಗೆ ಉಜ್ಜಿ ತೊಳೆದರು. ಈ ಕೆಲಸ ತಪ್ಪಿಸಬಾರದು. ತಲೆಗೆ ಹಚ್ಚಿದ ತೆಂಗಿನೆಣ್ಣೆ ಓಲೆಯ ಹಿಂಬದಿಗೆ ಇಳಿದು ಕೂತಿದ್ದರೆ ಎಂಥ ಹರಳೂ ಮಂಕಾಗಿ ಕಾಣುತ್ತದೆ, ಆಮೇಲೆ ಆ ಮಂಕನ್ನು ಫ್ಲೋರೆಸೆನ್ಸಿನ ತಲೆಗೆ ಕಟ್ಟುತ್ತೇವೆ. ನಂತರ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಮಸೂರದಲ್ಲಿ ಹರಳಿನ ಸೊಂಟವನ್ನು, ಗರ್ಡಲ್ ಅನ್ನುತ್ತಾರಲ್ಲ ಅದನ್ನು, ತಿರುಗಿಸುತ್ತಾ ನೋಡಿದರೆ ಲೇಸರಿನಲ್ಲಿ ಕೆತ್ತಿದ ನಂಬರು ಸಿಕ್ಕಿತು. ಎರಡೂ ನಂಬರು ಆಯಾ ಕಾಗದದ ನಂಬರಿಗೆ ಸರಿಹೊಂದಿದವು. ಜಿಐಎ ಜಾಲತಾಣದ ‘ರಿಪೋರ್ಟ್ ಚೆಕ್’ನಲ್ಲಿ ಅದೇ ನಂಬರು ಹಾಕಿದಾಗ ಬಂದ ವಿವರವೂ ಕಾಗದದಲ್ಲಿ ಇದ್ದದ್ದೇ.

ಇಷ್ಟಾದ ಮೇಲೂ ಸಮಾಧಾನಕ್ಕೆ ಟಾರ್ಚಿನ ಪರೀಕ್ಷೆ ಮಾಡಿದರು. ಇಲ್ಲಿ ಒಂದು ಸೂಕ್ಷ್ಮ ಇದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಯುವಿ ಟಾರ್ಚುಗಳಲ್ಲಿ ಹೆಚ್ಚಿನವು 395 ನ್ಯಾನೋಮೀಟರಿನವು. ಅವುಗಳಲ್ಲಿ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಜಾಸ್ತಿ, ಆ ನೇರಳೆ ಹರಳಿನ ಮುಖಗಳಲ್ಲಿ ಪ್ರತಿಫಲಿಸಿ ‘ಇದೂ ಹೊಳೆಯುತ್ತದೆ’ ಎಂಬ ಭ್ರಮೆ ಹುಟ್ಟಿಸುತ್ತದೆ. ಬೇಕಾದದ್ದು 365 ನ್ಯಾನೋಮೀಟರಿನದ್ದು, ಮುಂದೆ ಕಪ್ಪು ಫಿಲ್ಟರ್ ಗಾಜು ಇರುವಂಥದ್ದು. ಕತ್ತಲೆ ಕೋಣೆಯಲ್ಲಿ ಕಪ್ಪು ಬಟ್ಟೆಯ ಮೇಲೆ ಓಲೆ ಇಟ್ಟು ಬೆಳಕು ಬಿಡಬೇಕು; ಬೆಳಕು ಕಣ್ಣಿಗೆ ತಾಗಬಾರದು. ಬಿಳಿ ಕಾಗದ, ಬಿಳಿ ಬಟ್ಟೆ ಬೇಡ, ಅವುಗಳಲ್ಲಿ ಬಿಳುಪು ಹೆಚ್ಚಿಸಲು ಸೇರಿಸಿದ ರಾಸಾಯನಿಕ ತಾನೇ ನೀಲಿಯಾಗಿ ಹೊಳೆಯುತ್ತದೆ. (ಆರತಕ್ಷತೆಯ ಅದೇ ಫೋಟೊದಲ್ಲಿ ಮದುಮಗನ ಬಿಳಿ ಮುಂಡೂ ನೀಲಿಯಾಗಿ ಹೊಳೆದಿತ್ತು. ಅದನ್ನು ಯಾರೂ ಡೂಪ್ಲಿಕೇಟ್ ಅನ್ನಲಿಲ್ಲ.) ಹೊಳೆಯುವುದು ಹರಳೋ ಪ್ರತಿಫಲನವೋ ಎಂದು ತಿಳಿಯಲು ಓಲೆಯನ್ನು ನಿಧಾನ ಓರೆ ಮಾಡಬೇಕು. ಪ್ರತಿಫಲನವಾದರೆ ಚುಕ್ಕಿಗಳು ಜಾಗ ಬದಲಿಸುತ್ತವೆ. ಫ್ಲೋರೆಸೆನ್ಸ್ ಆದರೆ ಇಡೀ ಹರಳಿನ ಮೈಯೇ ಒಳಗಿನಿಂದ ಬೆಳಗಿದ ಹಾಗೆ ನೀಲಿಯಾಗಿರುತ್ತದೆ, ಓರೆ ಮಾಡಿದರೂ ಅಲುಗುವುದಿಲ್ಲ. ಬಲಗಿವಿಯದ್ದು ಹಾಗೆ ಬೆಳಗಿತು. ಎಡಗಿವಿಯದ್ದು ಕಪ್ಪಾಗಿಯೇ ಉಳಿಯಿತು. ಕಾಗದ ಹೇಳಿದ್ದೂ ಅದನ್ನೇ.

ಹೊಳೆದರೆ ಅಸಲಿ, ಹೊಳೆಯದಿದ್ದರೆ ನಕಲಿ ಎಂದು ತೀರ್ಪು ಕೊಡುವವರು ಇದ್ದಾರೆ, ಇದನ್ನೇ ತಿರುಗಿಸಿ ಹೇಳುವವರೂ ಇದ್ದಾರೆ. ಎರಡೂ ನಂಬುವ ಮಾತಲ್ಲ. ಗಣಿಯ ವಜ್ರದಲ್ಲಿ ಹೊಳೆಯುವುದೂ ಇದೆ, ಹೊಳೆಯದ್ದೂ ಇದೆ. ಲ್ಯಾಬಿನಲ್ಲಿ ಬೆಳೆದದ್ದರಲ್ಲೂ ಹಾಗೆಯೇ. ಈ ಪ್ರಕರಣದಲ್ಲಿ ಸಂಶಯ ಬಗೆಹರಿಸಿದ್ದು ಕೆತ್ತಿದ ನಂಬರು, ನೀಲಿ ಬೆಳಕಲ್ಲ.

ಹಾಗಾದರೆ ಹಗಲಿನಲ್ಲಿ ಬಣ್ಣ ಬೇರೆ ಕಂಡದ್ದು ಯಾಕೆ?

ಎರಡಕ್ಕೂ ಎಚ್ ಎಂದು ಬರೆದದ್ದು ತಪ್ಪೇ? ತಪ್ಪಲ್ಲ. ಆದರೆ ಎಚ್ ಎಂಬುದು ಒಂದು ನಿರ್ದಿಷ್ಟ ಬೆಳಕಿನಲ್ಲಿ, ಹರಳನ್ನು ಬೋರಲು ಹಾಕಿ, ಮಾದರಿ ಹರಳುಗಳ ಪಕ್ಕ ಇಟ್ಟು ನೋಡಿ ಕೊಟ್ಟ ಅಂಕ. ಆ ದೀಪ ಹಗಲು ಬೆಳಕನ್ನು ಹೋಲುವಂಥದ್ದು, ಅದರಲ್ಲಿ ಸ್ವಲ್ಪ ಅತಿನೇರಳೆ ಅಂಶವೂ ಇರುತ್ತದೆ. ವಜ್ರದ ಸಹಜ ಛಾಯೆ ಸಾಮಾನ್ಯವಾಗಿ ಹಳದಿ. ಅದಕ್ಕೆ ಹರಳು ಹೊರಬಿಡುವ ನೀಲಿ ಬೆಳಕು ಸೇರಿದರೆ ಹಳದಿ ತಗ್ಗಿ ಬಿಳುಪು ಕಾಣುತ್ತದೆ. ಹಿಂದೆ ಬಟ್ಟೆಗೆ ನೀಲಿ ಹಾಕುತ್ತಿದ್ದ ಲೆಕ್ಕವೇ ಇದು. ಹೀಗಾಗಿ ಸ್ಟ್ರಾಂಗ್ ಬ್ಲೂ ಹರಳಿನ ಬಣ್ಣ ಒಂದೇ ಕಡೆ ನಿಲ್ಲುವುದಿಲ್ಲ. ಬೆಳಕಿನಲ್ಲಿ ಅತಿನೇರಳೆ ಎಷ್ಟಿದೆ ಎಂಬುದರ ಮೇಲೆ ಆಚೀಚೆ ಆಗುತ್ತದೆ. ನನ್ ಹರಳು ಎಲ್ಲ ಬೆಳಕಿನಲ್ಲೂ ಹೆಚ್ಚುಕಡಿಮೆ ಒಂದೇ.

ಆಚಾರ್ರು ಇದನ್ನು ಮೂರು ಬೆಳಕಿನಲ್ಲಿ ತೋರಿಸಿದರು. ಕಟ್ಟಿದ ಹರಳನ್ನು ಬೋರಲು ಹಾಕಿ ಪಕ್ಕಕ್ಕೆ ಪಕ್ಕ ನೋಡುವುದು ಸಾಧ್ಯವಿಲ್ಲದ ಕಾರಣ, ಮನೆಯವರ ಒಪ್ಪಿಗೆ ಪಡೆದು ಹರಳುಗಳನ್ನು ಬಿಚ್ಚಿ, ಮಡಿಚಿದ ಕಾಗದದ ತೋಡಿನಲ್ಲಿ ಪಕ್ಕದಿಂದ ಕಾಣುವ ಹಾಗೆ ಇಟ್ಟರು. ಕಾಗದವೂ ಟಾರ್ಚಿನಲ್ಲಿ ಹೊಳೆಯದ ಮಾಸಲು ಬಿಳಿಯದ್ದು. ಮೊದಲು ಅಂಗಡಿಯ ಎಲ್‌ಇಡಿ ದೀಪ. ಮಾಮೂಲಿ ಬಿಳಿ ಎಲ್‌ಇಡಿಯಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಸ್ಟ್ರಾಂಗ್ ಬ್ಲೂ ಹರಳು ಇನ್ನೊಂದಕ್ಕಿಂತ ಒಂದು ಎಳೆಯಷ್ಟು ಹೆಚ್ಚು ಹಳದಿ ಕಂಡಿತು, ಅಂದರೆ ಎಚ್‌ಗಿಂತ ಒಂದು ದರ್ಜೆ ಕೆಳಗಿನ ಐ ಬಣ್ಣದ ಹತ್ತಿರ. ಆಮೇಲೆ ಬಾಗಿಲ ಹೊರಗೆ ಬಿಸಿಲು ಬೀಳದ ಜಗಲಿಯ ನೆರಳು. ಬಿಸಿಲು ಇಲ್ಲದಿದ್ದರೂ ತೆರೆದ ಆಕಾಶದಿಂದ ಬರುವ ಬೆಳಕಿನಲ್ಲಿ ಅತಿನೇರಳೆ ಧಾರಾಳ ಇರುತ್ತದೆ. ಅಲ್ಲಿ ಲೆಕ್ಕ ತಿರುಗಿತು: ಸ್ಟ್ರಾಂಗ್ ಬ್ಲೂ ಹೆಚ್ಚು ಬಿಳಿ, ನನ್ ಹರಳು ಮೊದಲಿನ ಹಾಗೆಯೇ. ಮೂರನೆಯದು ಕಿಟಕಿಯ ಗಾಜಿನ ಒಳಗೆ. ಮಾಮೂಲಿ ಗಾಜು ಈ ಬಗೆಯ ಅತಿನೇರಳೆಯನ್ನು ಬಹುಪಾಲು ಒಳಕ್ಕೆ ಬಿಡುತ್ತದೆ, ಹಾಗಾಗಿ ಕಿಟಕಿಯ ಪಕ್ಕದಲ್ಲಿ ವ್ಯತ್ಯಾಸ ಸ್ವಲ್ಪ ಕಂಡಿತು, ಕೋಣೆಯ ಒಳಕ್ಕೆ ಹೋದಂತೆ ಕಾಣದಾಯಿತು.

ಖರೀದಿಯ ದಿನ ಯಾರಿಗೂ ಗೊತ್ತಾಗದ ಕಾರಣ ಇಲ್ಲೇ ಇದೆ. ಅಂಗಡಿಯ ಸ್ಪಾಟ್ ದೀಪಗಳ ಕೆಳಗೆ ಮೇಲ್ಮುಖವಾಗಿ ಇಟ್ಟ ಅರ್ಧ ಕ್ಯಾರೆಟಿನ ಹರಳು ಮಿಂಚುತ್ತಲೇ ಇರುತ್ತದೆ. ಆ ಮಿಂಚಿನ ನಡುವೆ ಒಂದು ದರ್ಜೆಯ ಬಣ್ಣದ ಅಂತರ ಪಳಗಿದ ಕಣ್ಣಿಗೂ ಸಿಗುವುದು ಕಷ್ಟ. ಹಗಲಿನಲ್ಲಿ, ಜೋಡಿಯಾಗಿ ಹತ್ತಿರ ಹಿಡಿದಾಗ ಮಾತ್ರ ಸಿಗುತ್ತದೆ. ಒಂಟಿ ಹರಳಿನ ಉಂಗುರವೋ ಮೂಗುತಿಯೋ ಆಗಿದ್ದರೆ ಈ ಸ್ಟ್ರಾಂಗ್ ಬ್ಲೂ ಹರಳಿನ ಬಗ್ಗೆ ಯಾರೂ ಯಾವತ್ತೂ ದೂರು ಹೇಳುತ್ತಿರಲಿಲ್ಲ. ಜಿಐಎ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇ, ಜಿ, ಐ, ಕೆ ಬಣ್ಣದ, ಫ್ಲೋರೆಸೆನ್ಸ್ ಹೆಚ್ಚು ಕಡಿಮೆ ಇರುವ ಹರಳುಗಳನ್ನು ಬೇರೆ ಬೇರೆ ಜನರಿಗೆ ತೋರಿಸಿದ್ದರು. ಸಾಮಾನ್ಯ ನೋಡುಗರಿಗೆ ವ್ಯತ್ಯಾಸ ಹಿಡಿಯಲಾಗಲಿಲ್ಲ. ಮೇಲ್ಮುಖವಾಗಿ ನೋಡಿದಾಗ ಬಲವಾದ ನೀಲಿ ಇದ್ದ ಹರಳುಗಳಿಗೆ ಒಟ್ಟಾರೆ ಒಳ್ಳೆಯ ಬಣ್ಣದ ಮಾತೇ ಹೆಚ್ಚು ಬಂತು.

ಇನ್ನು ಮಂಕಿನ ಭಯ. ‘ಸ್ಟ್ರಾಂಗ್ ಅಂದರೆ ಹಾಲು ಬೆರೆಸಿದ ಹಾಗೆ ಕಾಣುತ್ತದೆ’ ಎಂಬ ಮಾತು ಅಂಗಡಿಗಳಲ್ಲಿ ಧಾರಾಳ ಓಡಾಡುತ್ತದೆ. ಜಿಐಎ ಹೇಳುವ ಪ್ರಕಾರ, ಫ್ಲೋರೆಸೆನ್ಸ್ ಇರುವ ಹರಳುಗಳಲ್ಲಿ ಮಂಕು ಅಥವಾ ಎಣ್ಣೆ ಸವರಿದ ಹಾಗೆ ಕಾಣುವವು ಶೇಕಡ 0.2ಕ್ಕಿಂತ ಕಡಿಮೆ. ಮಂಕಿನ ಮೂಲ ಹೆಚ್ಚಾಗಿ ಹರಳಿನೊಳಗೆ ಬೆಳಕನ್ನು ಚೆದುರಿಸುವ ಅತಿಸಣ್ಣ ಕಣಗಳ ಮೋಡ. ಬಲವಾದ ನೀಲಿ ಅದಕ್ಕೆ ಸೇರಿದಾಗ ಕಪ್ಪು ಬಿಳುಪಿನ ಅಂತರ ಇನ್ನಷ್ಟು ಕರಗುತ್ತದೆ. ಆದ್ದರಿಂದ ಸ್ಟ್ರಾಂಗ್ ಎಂದು ಓದಿದ ಕೂಡಲೇ ಕಾಗದದ ಕೊನೆಯ ಟಿಪ್ಪಣಿಗೆ ಹೋಗಬೇಕು. ‘ನಕ್ಷೆಯಲ್ಲಿ ತೋರಿಸದ ಮೋಡಗಳ ಆಧಾರದ ಮೇಲೆ ಸ್ವಚ್ಛತೆಯ ದರ್ಜೆ ಕೊಡಲಾಗಿದೆ’ ಎಂಬರ್ಥದ ಸಾಲು ಅಲ್ಲಿದ್ದರೆ ಹರಳನ್ನು ಕಣ್ಣಾರೆ ಹಗಲಿನಲ್ಲಿ ನೋಡದೆ ಕೊಳ್ಳಬೇಡಿ. ನೋಡುವ ಕ್ರಮ ಸುಲಭ: ತೊಳೆದು ಒರೆಸಿದ ಹರಳನ್ನು ನೆರಳಿನಲ್ಲಿ ಒಂದು ಅಡಿ ದೂರ ಹಿಡಿದು ನಿಧಾನ ಅಲುಗಿಸಿ. ಕಪ್ಪು ಮತ್ತು ಬಿಳಿ ತುಂಡುಗಳ ಅಂಚು ಕತ್ತರಿಸಿದ ಹಾಗೆ ಇದ್ದರೆ ಸರಿ. ಅಂಚು ಕಲಸಿಹೋಗಿದ್ದರೆ ಒಳಗೆ ಎಲ್‌ಇಡಿಯ ಕೆಳಗೂ ನೋಡಿ. ಎರಡು ಕಡೆಯೂ ಮಂಕಾದರೆ ತಪ್ಪು ಕೊಳೆಯದ್ದೋ ಮೋಡದ್ದೋ. ಹೊರಗೆ ಮಾತ್ರ ಮಂಕಾದರೆ ಫ್ಲೋರೆಸೆನ್ಸಿನ ಪಾಲಿದೆ. ಈ ಬಲಗಿವಿಯ ಹರಳು ಎರಡು ಕಡೆಯೂ ಸ್ವಚ್ಛ ಇತ್ತು, ಅದರ ಟಿಪ್ಪಣಿಯಲ್ಲಿ ಮೋಡದ ಮಾತೂ ಇರಲಿಲ್ಲ. ಹರಳಾಗಿ ಅದು ಚೆಂದದ ಹರಳೇ.

ಬೆಲೆಯ ಲೆಕ್ಕ

ನಿಜವಾದ ದೂರು ಇದ್ದದ್ದು ಬಿಲ್ಲಿನಲ್ಲಿ. ಬಿಲ್ಲಿನಲ್ಲಿ ತೂಕ, ಬಣ್ಣ, ಸ್ವಚ್ಛತೆ, ಸರ್ಟಿಫಿಕೇಟ್ ನಂಬರು ಎಲ್ಲ ಇತ್ತು, ಫ್ಲೋರೆಸೆನ್ಸ್ ಇರಲಿಲ್ಲ. ಎರಡು ಹರಳಿಗೂ ಒಂದೇ 88,000. ಹರಳಿನ ಸಗಟು ವ್ಯಾಪಾರದಲ್ಲಿ ಹಾಗೆ ಯಾರೂ ಕೊಳ್ಳುವುದಿಲ್ಲ. ಎಲ್ಲಕ್ಕಿಂತ ಬಿಳಿಯ ದರ್ಜೆಯಾದ ಡಿಯಿಂದ ಎಚ್‌ವರೆಗಿನ ಬಣ್ಣದಲ್ಲಿ ಸ್ಟ್ರಾಂಗ್ ಬ್ಲೂ ಎಂದರೆ ಬೆಲೆ ಇಳಿಯುತ್ತದೆ, ಬಣ್ಣ ಎತ್ತರದ್ದಾದಷ್ಟೂ ಇಳಿತ ಜಾಸ್ತಿ. ಫೇಂಟಿಗೆ ಇಳಿತ ಇಲ್ಲವೆನ್ನುವಷ್ಟು. ಐ, ಜೆ, ಕೆಯ ಕಡೆ ಇಳಿದಂತೆ, ನೀಲಿ ಹಳದಿಯನ್ನು ಮುಚ್ಚುವ ಕಾರಣಕ್ಕೆ, ಕಡಿತ ಕರಗುತ್ತಾ ಬರುತ್ತದೆ, ಕೆಲವೊಮ್ಮೆ ಚೂರು ಹೆಚ್ಚೇ ಸಿಗುತ್ತದೆ. ಕಣ್ಣಿಗೆ ಹಾನಿ ಕಾಣದಿದ್ದರೂ ಬೆಲೆ ಯಾಕೆ ಇಳಿಯಬೇಕು ಎಂದರೆ, ಕೊಳ್ಳುವವರಲ್ಲಿ ಹಲವರು ಆ ಶಬ್ದ ನೋಡಿಯೇ ಹಿಂದೆ ಸರಿಯುತ್ತಾರೆ, ಅಷ್ಟೇ. ಕಣ್ಣಿನ ಲೆಕ್ಕ ಬೇರೆ, ಪೇಟೆಯ ಲೆಕ್ಕ ಬೇರೆ.

ಮನೆಯವರು ಇನ್ನೆರಡು ಕಡೆ ವಿಚಾರಿಸಿದರು. ಇದೇ ತೂಕ, ಬಣ್ಣ, ಸ್ವಚ್ಛತೆಯ ನನ್ ಹರಳಿಗೆ 86,000ದಿಂದ 90,000; ಸ್ಟ್ರಾಂಗ್ ಬ್ಲೂ ಹರಳಿಗೆ 79,000ದಿಂದ 81,000. ಅಂದರೆ ಸ್ಟ್ರಾಂಗ್ ಬ್ಲೂ ಹರಳಿಗೆ ಕೊಟ್ಟ ಬೆಲೆಯಲ್ಲಿ ಸುಮಾರು 8,000 ರೂಪಾಯಿ, ನೂರಕ್ಕೆ ಒಂಬತ್ತರ ಹತ್ತಿರ, ಹೆಚ್ಚು. ಅದರ ಮೇಲಿನ 3 ಶೇಕಡ ಜಿಎಸ್‌ಟಿ 240 ರೂಪಾಯಿ ಬೇರೆ. ಈ ಅಂಕಿ ಈ ಗಾತ್ರಕ್ಕೆ, ಈ ಬಣ್ಣಕ್ಕೆ, ಆ ದಿನಗಳಿಗೆ ಸೇರಿದ್ದು. ಒಂದು ಕ್ಯಾರೆಟಿನ ಡಿ ಬಣ್ಣಕ್ಕೆ ಇದನ್ನೇ ಹಿಡಿದು ಲೆಕ್ಕ ಹಾಕಬಾರದು.

ಅಂಗಡಿಗೆ ಹೋದಾಗ ಮಾರಾಟದ ಹುಡುಗ ಮೊದಲು ಹೇಳಿದ್ದು, “ಮೇಡಂ, ಅದು ಬ್ಲೂ ವೈಟ್, ಆ್ಯಕ್ಚುವಲಿ ಒಳ್ಳೆಯದು.” ಹಳೆಯ ಮಾತು ಇದು. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೀನ್ ಗಣಿಯಿಂದ ಬಂದ ಬಲವಾದ ನೀಲಿ ಹೊಳಪಿನ ಹರಳುಗಳಿಗೆ ‘ಯಾಗರ್’ ಎಂಬ ಹೆಸರಿನಲ್ಲಿ ಹಿಂದೆ ಹೆಚ್ಚು ಬೆಲೆಯೇ ಇತ್ತು. ಈಗ ನಾವು ಕೊಳ್ಳುವಾಗ ‘ಬ್ಲೂ ವೈಟ್’ ಎಂದು ಹೊಗಳಿ, ವಾಪಸ್ ಕೊಡುವಾಗ ‘ಸ್ಟ್ರಾಂಗ್ ಉಂಟಲ್ಲ’ ಎಂದು ಬೆಲೆ ಕತ್ತರಿಸುವ ರೂಢಿಯಿದೆ. ತಾಯಿ ಕೇಳಿದ ಪ್ರಶ್ನೆ ಒಂದೇ: “ನಾಳೆ ನಾನಿದನ್ನು ಎಕ್ಸ್‌ಚೇಂಜಿಗೆ ತಂದರೆ ಎರಡಕ್ಕೂ ಒಂದೇ ರೇಟ್ ಹಾಕ್ತೀರಾ?” ಅದಕ್ಕೆ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಮಾಲಕರು ಬಂದು ಕಾಗದ ನೋಡಿ, ಜೋಡಿ ಹೊಂದಿಸುವಾಗ ಆ ಸಾಲು ನೋಡದೆ ಇಟ್ಟದ್ದು ತಮ್ಮ ಕಡೆಯ ತಪ್ಪು ಎಂದು ಒಪ್ಪಿಕೊಂಡರು.

ಬದಲಿಸಿದ್ದು ಯಾವುದನ್ನು

ದಾರಿ ಮೂರು ಇತ್ತು. ಇದ್ದ ಜೋಡಿಯನ್ನೇ ಇಟ್ಟುಕೊಂಡು 8,000 ವಾಪಸ್ ಪಡೆಯಬಹುದು. ಆದರೆ ಹಗಲಿನಲ್ಲಿ ಕಿವಿಗೊಂದು ಬಣ್ಣ ಉಳಿಯುತ್ತದೆ. ಎಡಗಿವಿಗೂ ಸ್ಟ್ರಾಂಗ್ ಬ್ಲೂ ಹರಳು ಹಾಕಿಸಬಹುದು. ಜೋಡಿ ಸರಿಹೋಗಿ 16,000ದಷ್ಟು ಉಳಿಯುತ್ತದೆ, ದೇವಸ್ಥಾನಕ್ಕೆ, ಮದುವೆ ಮನೆಯ ಅಂಗಳಕ್ಕೆ ಹೋದಾಗ ಎರಡೂ ಎಚ್‌ಗಿಂತ ಬಿಳಿಯಾಗಿ ಕಾಣುತ್ತವೆ. ನಮ್ಮ ಮಟ್ಟಿಗೆ ಇದು ಜಾಣ ಆಯ್ಕೆ, ಅದರಲ್ಲೂ ಹಳದಿ ಚಿನ್ನದಲ್ಲಿ ಕಟ್ಟಿದ ಓಲೆಗೆ. ಆದರೆ ಮಗಳು ದಿನವಿಡೀ ಇರುವುದು ಮಣಿಪಾಲದ ಆಫೀಸಿನ ಎಲ್‌ಇಡಿ ಬೆಳಕಿನಲ್ಲಿ. ಅಲ್ಲಿ ಆ ಜೋಡಿ ಐ ಬಣ್ಣದ ಹಾಗೆ ಕಾಣುತ್ತದೆ. ಜೊತೆಗೆ ಆರತಕ್ಷತೆಯ ಫೋಟೊದ ಬೇಸರ ಬೇರೆ. ಮನೆಯವರು ಮೂರನೆಯ ದಾರಿ ಹಿಡಿದರು: ಸ್ಟ್ರಾಂಗ್ ಬ್ಲೂ ತೆಗೆದು ಬೇರೆ ಹಾಕಿಸುವುದು.

ಅಂಗಡಿಯಲ್ಲಿ ಅಳತೆ ಹೊಂದುವ ನನ್ ಹರಳು ಸಿಗಲಿಲ್ಲ. ಸಿಕ್ಕಿದ್ದು ಎಚ್, ವಿಎಸ್2, ಫೇಂಟ್. ಜೋಡಿಗೆ ತೂಕಕ್ಕಿಂತ ಮುಖ್ಯ ಹರಳಿನ ಅಡ್ಡಳತೆ, ಅದು ಎರಡರಲ್ಲೂ 5.1 ಮಿಲಿಮೀಟರ್ ಇತ್ತು. ನನ್ ಮತ್ತು ಫೇಂಟ್ ನಡುವಿನ ಅಂತರ ಹಗಲಿನಲ್ಲಿ ಕಣ್ಣಿಗೆ ಸಿಗುವಂಥದ್ದಲ್ಲ, ಬೆಲೆಯೂ ಬದಲಾಗಲಿಲ್ಲ. ಆದರೂ ಈ ಸಲ ಹರಳನ್ನು ಕಟ್ಟುವ ಮೊದಲೇ ಇನ್ನೊಂದರ ಜೊತೆ ಅಂಗಡಿಯ ಹೊರಗಿನ ನೆರಳಿಗೆ ತಂದು, ಬೋರಲು ಹಾಕಿ ನೋಡಿದರು. ಗರ್ಡಲಿನ ನಂಬರನ್ನು ಕಟ್ಟುವ ಮೊದಲು ಒಮ್ಮೆ, ಕಟ್ಟಿದ ಮೇಲೆ ಇನ್ನೊಮ್ಮೆ ಲೂಪಿನಲ್ಲಿ ಓದಿದರು. ಹರಳನ್ನು ಹಿಡಿಯುವ ಚಿನ್ನದ ಕೊಕ್ಕೆ ಆ ನಂಬರಿನ ಮೇಲೆ ಬಾರದಂತೆ ಕಟ್ಟಲು ಮೊದಲೇ ಹೇಳಿದ್ದರಿಂದ ಓದುವುದು ಕಷ್ಟವಾಗಲಿಲ್ಲ. ಹೊಸ ಬಿಲ್ಲಿನಲ್ಲಿ ಎರಡು ಹರಳಿನ ಎದುರೂ ಬಣ್ಣ, ಸ್ವಚ್ಛತೆಯ ಪಕ್ಕ ಒಂದು ಕಾಲಂ ಕೈಯಲ್ಲಿ ಗೆರೆ ಎಳೆದು ಸೇರಿಸಿಸಿದರು: ಒಂದಕ್ಕೆ ನನ್, ಇನ್ನೊಂದಕ್ಕೆ ಫೇಂಟ್.